ಕೀ ಮೊದಲು ತುಂಡಾಗಬೇಕೇ?

ಫರೀದಾಬಾದಿನ ಹೊರವಲಯದ ಪಾಲಿ ಗ್ರಾಮದಲ್ಲಿ ಕಲ್ಲು ಒಡೆಯುವ ಕ್ರಷರ್‌ಗಳು ಒಟ್ಟಿಗೆ ಬಂದು ನೆಲೆಸಿದ್ದಕ್ಕೆ ಸುಪ್ರೀಂ ಕೋರ್ಟಿನ ಆದೇಶವೊಂದು ಕಾರಣ. ಲಾಲ್ ಕುಆಂ, ಆನಂದ್ ಪರ್ಬತ್, ರಾಜೋಕ್ರಿ, ತುಘಲಕಾಬಾದ್ ಕಡೆ ದೂಳೆಬ್ಬಿಸುತ್ತಿದ್ದ ಕ್ರಷರ್‌ಗಳನ್ನು ಮುಚ್ಚಿ, ಪಾಲಿಯಲ್ಲಿ ಗುರುತಿಸಿದ ವಲಯಕ್ಕೆ ಸಾಗಿಸಬೇಕೆಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ನ್ಯಾಯಾಲಯ 1992ರ ಮೇ ತಿಂಗಳಲ್ಲಿ ಹೇಳಿತು. ಈಗ ಚಳಿಗಾಲದಲ್ಲಿ ಗಾಳಿ ಕೆಟ್ಟು ಗ್ರಾಪ್ ನಿಯಮಗಳ ಮೂರನೇ ಹಂತ ಜಾರಿಗೆ ಬಂದರೆ ದೆಹಲಿ ಎನ್‌ಸಿಆರ್‌ನಲ್ಲಿ ಕ್ರಷರ್ ನಿಲ್ಲಿಸಬೇಕು. ಓಡಿಸಲು ಸಿಗುವ ದಿನಗಳೇ ಕಡಿಮೆ. ಹಾಗಾಗಿ ಕೆಟ್ಟ ಯಂತ್ರವನ್ನು ಎಷ್ಟು ಬೇಗ ಮತ್ತೆ ಓಡಿಸಬಹುದು ಎನ್ನುವುದೇ ಅಲ್ಲಿ ಎಲ್ಲ ಲೆಕ್ಕಗಳ ತಳದಲ್ಲಿರುತ್ತದೆ.

ಕ್ರಷರ್‌ನಂಥ ಯಂತ್ರಗಳ ಸುತ್ತ ಫಿಟ್ಟರ್‌ಗಳಲ್ಲೂ ಎಂಜಿನಿಯರ್‌ಗಳಲ್ಲೂ ಮುಗಿಯದ ಒಂದು ವಾದವಿದೆ. ಮೋಟರಿನ ಶಾಫ್ಟ್ ಮೇಲೆ ವಿ-ಬೆಲ್ಟ್ ಪುಲ್ಲಿ ಕೂತಿರುತ್ತದೆ. ಶಾಫ್ಟ್‌ನಲ್ಲೂ ಪುಲ್ಲಿಯ ಹಬ್‌ನಲ್ಲೂ ಎದುರುಬದುರು ಕೊರೆದ ತೋಡಿನಲ್ಲಿ, ಅಂದರೆ ಕೀವೇಯಲ್ಲಿ, ಆಯತಾಕಾರದ ಉಕ್ಕಿನ ತುಂಡೊಂದು ಕೂತಿರುತ್ತದೆ. ಅದೇ ಕೀ, ದೆಹಲಿಯ ಖರಾದ್ ಅಂಗಡಿಗಳಲ್ಲಿ ಅದು ಚಾಬಿ. ಒಂದು ಪಕ್ಷ ಹೇಳುವುದು: ಕೀ ಮೆತ್ತನೆಯ ಉಕ್ಕಿನದಾಗಿರಲಿ, ಕಲ್ಲು ಸಿಕ್ಕಿಕೊಂಡರೆ ಅದು ತುಂಡಾಗಿ ಮೋಟರನ್ನು ಉಳಿಸಲಿ. ಇನ್ನೊಂದು ಪಕ್ಷ: ಕೀ ಇರುವುದು ಬಲವನ್ನು ದಾಟಿಸಲು, ತುಂಡಾಗಲು ಅಲ್ಲ, ಅದನ್ನು ಗಟ್ಟಿ ಉಕ್ಕಿನಿಂದಲೇ ಮಾಡಿ, ರಕ್ಷಣೆಯ ಕೆಲಸವನ್ನು ಬೇರೆ ಭಾಗಕ್ಕೆ ಬಿಡಿ. ಎರಡೂ ಮಾತು ಅನುಭವದಿಂದಲೇ ಬಂದಿವೆ. ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡಲು ಮೊದಲು ಒಂದು ಲೆಕ್ಕ ಹಾಕಬೇಕು.

ಒಂದು ಮೋಟರಿನ ಲೆಕ್ಕ

ಸಣ್ಣ ದವಡೆ ಕ್ರಷರ್‌ಗೆ ಹೊಂದುವ 15 ಕಿಲೋವಾಟ್, ಅಂದರೆ 20 ಎಚ್‌ಪಿ, ನಾಲ್ಕು ಪೋಲ್‌ನ ಮೋಟರನ್ನು ತೆಗೆದುಕೊಳ್ಳೋಣ. ಪೂರ್ಣ ಭಾರದಲ್ಲಿ ಅದರ ವೇಗ ನಿಮಿಷಕ್ಕೆ ಸುಮಾರು 1460 ಸುತ್ತು. ಈ ಮೋಟರ್ 160ರ ಫ್ರೇಮಿನಲ್ಲಿ ಬರುತ್ತದೆ. ಶಾಫ್ಟ್‌ನ ವ್ಯಾಸ 42 ಮಿ.ಮೀ. ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದ ಮಾನಕ್ ಭವನದಿಂದ ಹೊರಬರುವ ಭಾರತೀಯ ಮಾನಕಗಳಲ್ಲಿ ಸಮಾಂತರ ಕೀಗಳದ್ದು ಐಎಸ್ 2048. ಅದರಂತೆ 38ರಿಂದ 44 ಮಿ.ಮೀ. ವ್ಯಾಸದ ಶಾಫ್ಟ್‌ಗೆ ಕೀಯ ಅಗಲ 12, ಎತ್ತರ 8 ಮಿ.ಮೀ. ಆ ಎತ್ತರದಲ್ಲಿ 5 ಮಿ.ಮೀ. ಶಾಫ್ಟ್‌ನೊಳಗೆ ಹೂತಿರುತ್ತದೆ, ಉಳಿದ 3 ಮಿ.ಮೀ. ಹಬ್‌ನೊಳಕ್ಕೆ ಚಾಚಿರುತ್ತದೆ. ಹಬ್‌ನ ಉದ್ದ 60 ಮಿ.ಮೀ. ಎಂದುಕೊಳ್ಳೋಣ.

ಟಾರ್ಕ್‌ನ ಸೂತ್ರ ಸುಲಭ:

T = 9550 × P / n

P ಕಿಲೋವಾಟ್‌ನಲ್ಲಿ, n ನಿಮಿಷಕ್ಕೆ ಸುತ್ತುಗಳಲ್ಲಿ ಇದ್ದರೆ T ನ್ಯೂಟನ್ ಮೀಟರ್‌ನಲ್ಲಿ ಸಿಗುತ್ತದೆ. ನಮ್ಮ ಮೋಟರಿಗೆ ಅದು 98. ಈ ತಿರುಚುವಿಕೆ ಶಾಫ್ಟ್‌ನ ಮೇಲ್ಮೈಯಲ್ಲಿ, ಅಂದರೆ ಕೇಂದ್ರದಿಂದ 21 ಮಿ.ಮೀ. ದೂರದಲ್ಲಿ, ಕೀಯನ್ನು ಪಕ್ಕಕ್ಕೆ ತಳ್ಳುವ ಬಲವಾಗುತ್ತದೆ. 98ನ್ನು 0.021ರಿಂದ ಭಾಗಿಸಿದರೆ ಬರುವುದು ಸುಮಾರು 4,670 ನ್ಯೂಟನ್, ಹೆಚ್ಚುಕಡಿಮೆ ಅರ್ಧ ಟನ್ ತೂಕದಷ್ಟು ಬಲ.

ಈ ಬಲ ಕೀಯನ್ನು ಎರಡು ಬಗೆಯಲ್ಲಿ ಕಾಡುತ್ತದೆ. ಒಂದು ಶಿಯರ್: ಶಾಫ್ಟ್ ಕೀಯ ಕೆಳಭಾಗವನ್ನು ಒಂದು ಕಡೆಗೆ ತಳ್ಳುತ್ತದೆ, ಹಬ್ ಮೇಲ್ಭಾಗವನ್ನು ಎದುರು ಕಡೆಗೆ ತಡೆಯುತ್ತದೆ, ನಡುವಿನ ಪದರ ಕತ್ತರಿಗೆ ಸಿಕ್ಕಂತಾಗುತ್ತದೆ. ಆ ಪದರದ ವಿಸ್ತೀರ್ಣ ಅಗಲ ಗುಣಿಸು ಉದ್ದ, 12 × 60, ಅಂದರೆ 720 ಚದರ ಮಿ.ಮೀ. ಹೀಗೆ ಶಿಯರ್ ಒತ್ತಡ ಚದರ ಮಿ.ಮೀ.ಗೆ 6.5 ನ್ಯೂಟನ್, ಅಂದರೆ 6.5 ಎಂಪಿಎ. ಎರಡನೆಯದು ಜಜ್ಜುವಿಕೆ: ಕೀಯ ಪಕ್ಕದ ಮುಖ ಹಬ್‌ನ ಕೀವೇ ಗೋಡೆಗೆ ಒತ್ತಿಕೊಳ್ಳುತ್ತದೆ. ಅಲ್ಲಿ ತಾಗುವ ಎತ್ತರ 3 ಮಿ.ಮೀ. ಮಾತ್ರ, ವಿಸ್ತೀರ್ಣ 180 ಚದರ ಮಿ.ಮೀ., ಒತ್ತಡ 26 ಎಂಪಿಎ. ಜಜ್ಜುವ ಒತ್ತಡ ಶಿಯರ್ ಒತ್ತಡದ ನಾಲ್ಕು ಪಟ್ಟು. ಈ ನಾಲ್ಕು ಪಟ್ಟನ್ನು ನೆನಪಿಟ್ಟುಕೊಳ್ಳಬೇಕು. ಇಡೀ ವಾದದ ಗಂಟು ಬಿಚ್ಚುವುದು ಅಲ್ಲೇ.

ಕೀಗೆ ಸಾಮಾನ್ಯವಾಗಿ ಬಳಸುವ ಇಎನ್ 8 ಜಾತಿಯ ಮಧ್ಯಮ ಇಂಗಾಲದ ಉಕ್ಕು ಎಳೆತದಲ್ಲಿ ಸುಮಾರು 350 ಎಂಪಿಎಗೆ ಮಣಿಯುತ್ತದೆ, ಶಿಯರ್‌ನಲ್ಲಿ ಸುಮಾರು 200ಕ್ಕೆ. ಆರೂವರೆ ಎಲ್ಲಿ, 200 ಎಲ್ಲಿ! ಈ ಕೀ ಶಿಯರ್‌ಗೆ ಮಣಿಯಬೇಕಾದರೆ ಟಾರ್ಕ್ 3,000 ನ್ಯೂಟನ್ ಮೀಟರ್ ಮುಟ್ಟಬೇಕು, ಪೂರ್ಣ ಭಾರದ ಮೂವತ್ತು ಪಟ್ಟು. ಮೋಟರ್ ತನ್ನ ಕಾಂತಬಲದಿಂದ ಕೊಡಬಲ್ಲ ಗರಿಷ್ಠ ಟಾರ್ಕ್ ಸುಮಾರು ಎರಡೂವರೆ ಪಟ್ಟು. ಸ್ವಿಚ್ ಹಾಕಿದ ಮೊದಲ ಕ್ಷಣದ ಏರಿಳಿತಗಳನ್ನು ಸೇರಿಸಿ ಐದು ಪಟ್ಟು ಎಂದರೂ ಶಿಯರ್ ಒತ್ತಡ 33 ಎಂಪಿಎ ದಾಟದು, ಜಜ್ಜುವಿಕೆ 130 ದಾಟದು. ಸರಿಯಾಗಿ ಕೂತ ಕೀಯನ್ನು ಮೋಟರ್ ತನ್ನ ಶಕ್ತಿಯಿಂದಲೇ ತುಂಡರಿಸಲಾರದು. ಇದು ಎರಡೂ ಪಕ್ಷಗಳು ಒಪ್ಪಿಕೊಂಡೇ ಮುಂದುವರಿಯಬೇಕಾದ ಮಾತು.

ಮೆತ್ತನೆಯ ಕೀ ಬೇಕೆನ್ನುವವರ ವಾದ

ಆದರೂ ಕೀಗಳು ತುಂಡಾಗುತ್ತವೆ, ಅದನ್ನು ಕಣ್ಣಾರೆ ಕಂಡವರನ್ನು ಲೆಕ್ಕ ತೋರಿಸಿ ಬಾಯಿ ಮುಚ್ಚಿಸಲಾಗದು. ಈ ಪಕ್ಷದ ವಾದ ಹೀಗೆ ಸಾಗುತ್ತದೆ. ಸರಪಣಿಯಲ್ಲಿರುವ ಯಾವುದೋ ಒಂದು ಕೊಂಡಿ ಒಂದು ದಿನ ಸೋಲಲೇಬೇಕಾದರೆ, ಅದು ಅತಿ ಅಗ್ಗದ್ದಾಗಿರಲಿ. ಕೀ ಹೋದರೆ ಬ್ರೈಟ್ ಬಾರ್‌ನ ಒಂದು ತುಂಡು ಕತ್ತರಿಸಿ, ಅರ ಹಿಡಿದು ಸರಿಮಾಡಿ ಹಾಕಬಹುದು. ಶಾಫ್ಟ್‌ನ ಕೀವೇ ಹಾಳಾದರೆ ಮೋಟರನ್ನು ಬಿಚ್ಚಬೇಕು, ರೋಟರ್ ಹೊರತೆಗೆಯಬೇಕು, ಶಾಫ್ಟ್‌ಗೆ ವೆಲ್ಡಿಂಗ್ ತುಂಬಿ ಲೇಥಿನಲ್ಲಿ ತಿರುವಬೇಕು, ಇಲ್ಲವೇ ಹಳೆಯ ತೋಡಿನ ಎದುರು ಬದಿಗೆ ಹೊಸ ತೋಡು ಕೊರೆಯಬೇಕು. ಓಡಿಸಲು ಸಿಕ್ಕ ದಿನಗಳೇ ಎಣಿಕೆಯಷ್ಟಿರುವಾಗ ಆ ವಿಳಂಬ ಕೀಯ ಬೆಲೆಯ ನೂರಾರು ಪಟ್ಟು ನಷ್ಟ.

ಈ ವಾದಕ್ಕೆ ಉದಾಹರಣೆಗಳೂ ಇವೆ. ನಮ್ಮ ಊರುಗಳಲ್ಲಿ ಟ್ರ್ಯಾಕ್ಟರಿಗೆ ಜೋಡಿಸುವ ರೋಟವೇಟರ್‌ನ ಪಿಟಿಒ ಶಾಫ್ಟ್‌ನಲ್ಲಿ ಶಿಯರ್ ಬೋಲ್ಟ್ ಇರುವುದುಂಟು. ಅಲಗಿಗೆ ಕಲ್ಲೋ ಬೇರೋ ಸಿಕ್ಕಿದಾಗ ಅದು ತುಂಡಾಗಿ ಗೇರ್‌ಬಾಕ್ಸನ್ನು ಕಾಯುತ್ತದೆ. ಹುಲ್ಲು ಕತ್ತರಿಸುವ ಸಣ್ಣ ಎಂಜಿನ್‌ಗಳಲ್ಲಿ ಫ್ಲೈವೀಲ್ ಕೀಯನ್ನು ಬೇಕೆಂದೇ ಮೆತ್ತನೆಯ ಲೋಹದಿಂದ ಮಾಡುತ್ತಾರೆ. ಮುರಿಯಲೆಂದೇ ಇರುವ ಭಾಗವನ್ನು ಯಂತ್ರಶಾಸ್ತ್ರ ಹೊಸದಾಗಿ ಕಂಡುಹಿಡಿಯಬೇಕಿಲ್ಲ.

ಇನ್ನೊಂದು ವಾದ ಪಠ್ಯಪುಸ್ತಕದಿಂದಲೇ ಬರುತ್ತದೆ. ದೆಹಲಿಯ ರಾಮನಗರದಿಂದ ಪ್ರಕಟವಾಗಿ ದೇಶದ ಅನೇಕ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈ ಸೇರಿದ ಖುರ್ಮಿ–ಗುಪ್ತಾ ಅವರ ಯಂತ್ರ ವಿನ್ಯಾಸದ ಪುಸ್ತಕದಲ್ಲಿ ಕೀಯ ಉದ್ದ ಶಾಫ್ಟ್ ವ್ಯಾಸದ 1.571 ಪಟ್ಟು ಇರಬೇಕೆಂಬ ಫಲಿತಾಂಶವಿದೆ. ಅದು ಬರುವುದು ಕೀ ಮತ್ತು ಶಾಫ್ಟ್ ಒಂದೇ ಲೋಹದವು, ಕೀಯ ಅಗಲ ವ್ಯಾಸದ ಕಾಲು ಭಾಗ, ಎರಡರ ಶಿಯರ್ ಬಲವೂ ಸಮ ಎಂಬ ಷರತ್ತಿನಿಂದ. ನಮ್ಮ 12 ಮಿ.ಮೀ. ಅಗಲದ ಕೀಗೆ ಇದೇ ಷರತ್ತು ಹಾಕಿದರೆ ಸುಮಾರು 58 ಮಿ.ಮೀ. ಉದ್ದ ಬರುತ್ತದೆ, ಅಂದರೆ ನಮ್ಮ ಹಬ್‌ನಷ್ಟೇ. ಆದರೆ ಶಾಫ್ಟ್‌ನಲ್ಲಿ ತೋಡು ಕೊರೆದ ಮೇಲೆ ಅದರ ಬಲ ಕುಗ್ಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಎಚ್.ಎಫ್. ಮೂರ್ 1909ರ ಪ್ರಯೋಗಗಳಿಂದ ಕಟ್ಟಿಕೊಟ್ಟ, ಇಂದಿಗೂ ಪುಸ್ತಕಗಳಲ್ಲಿರುವ ಸೂತ್ರದಂತೆ ನಮ್ಮ ಶಾಫ್ಟ್‌ನಲ್ಲಿ ಉಳಿಯುವುದು ಮೂಲ ಬಲದ ಶೇಕಡಾ 81. ಆಗ ಶಾಫ್ಟ್ ಸುಮಾರು 2,350 ನ್ಯೂಟನ್ ಮೀಟರ್‌ಗೆ ಮಣಿಯುತ್ತದೆ, ಅದೇ ಉಕ್ಕಿನ ಕೀ 3,000ಕ್ಕೆ. ಅಂದರೆ ಪೂರ್ತಿ ಉದ್ದದ ಗಟ್ಟಿ ಕೀ ಹಾಕಿದರೆ ಕಾಗದದ ಮೇಲೆ ಮೊದಲು ತಿರುಚಿಕೊಳ್ಳುವುದು ಶಾಫ್ಟೇ. ಕೀಯನ್ನು 250 ಎಂಪಿಎಗೆ ಮಣಿಯುವ ಸಾದಾ ಮೈಲ್ಡ್ ಸ್ಟೀಲ್‌ನಿಂದ ಮಾಡಿದರೆ ಅದರ ಮಿತಿ 2,190ಕ್ಕೆ ಇಳಿಯುತ್ತದೆ, ಶಾಫ್ಟ್‌ಗಿಂತ ಒಂದು ಹೆಜ್ಜೆ ಹಿಂದೆ. ಮೆತ್ತನೆಯ ಕೀ ಪಕ್ಷ ಬಯಸುವ ಕ್ರಮ ಅದೇ.

ಗಟ್ಟಿ ಕೀ ಬೇಕೆನ್ನುವವರ ವಾದ

ಎದುರು ಪಕ್ಷ ಈ ಲೆಕ್ಕವನ್ನು ಅಲ್ಲಗಳೆಯುವುದಿಲ್ಲ, ಅದನ್ನೇ ಮುಂದುವರಿಸುತ್ತದೆ. 2,190 ಎಂದರೂ ಅದು ಪೂರ್ಣ ಭಾರದ 22 ಪಟ್ಟು. ಫ್ಯೂಸ್ ಎಂಬುದು ಎರಡು ಮೂರು ಪಟ್ಟಿಗೆ ಸುಡಬೇಕು. ಇಪ್ಪತ್ತೆರಡು ಪಟ್ಟಿಗೆ ಸುಡುವ ಫ್ಯೂಸ್ ಯಾರನ್ನು ಕಾಯುತ್ತದೆ? ಅಷ್ಟರೊಳಗೆ ಬೆಲ್ಟ್ ಜಾರಿರುತ್ತದೆ ಅಥವಾ ಮೋಟರಿನ ವೈಂಡಿಂಗ್ ಸುಟ್ಟಿರುತ್ತದೆ.

ಹಾಗಾದರೆ ಕೀಯನ್ನು ನಿಜವಾದ ಫ್ಯೂಸ್‌ನಂತೆಯೇ ಮಾಡಿಬಿಡೋಣ, ಮೂರು ಪಟ್ಟು ಟಾರ್ಕ್‌ಗೆ ತುಂಡಾಗಲಿ ಎಂದುಕೊಳ್ಳಿ. ಆಗ ಶಾಫ್ಟ್‌ನ ಮೇಲ್ಮೈಯಲ್ಲಿ ಬಲ ಸುಮಾರು 14,000 ನ್ಯೂಟನ್. ಮೈಲ್ಡ್ ಸ್ಟೀಲ್ ಶಿಯರ್‌ನಲ್ಲಿ ಪೂರ್ತಿ ತುಂಡಾಗುವುದು 320 ಎಂಪಿಎ ಆಸುಪಾಸು. ಭಾಗಿಸಿದರೆ ಬೇಕಾದ ವಿಸ್ತೀರ್ಣ ಸುಮಾರು 44 ಚದರ ಮಿ.ಮೀ. ಕೀಯ ಅಗಲ 12 ಇರುವುದರಿಂದ ಉದ್ದ 4 ಮಿ.ಮೀ.ಗೂ ಕಡಿಮೆ! ಅಂಥ ಚೂರನ್ನು ತೋಡಿನಲ್ಲಿ ಕೂರಿಸಿದರೆ ಅದರ ಪಕ್ಕದ ಮುಖದ ಮೇಲೆ ಜಜ್ಜುವ ಒತ್ತಡ ಶಿಯರ್‌ನ ನಾಲ್ಕು ಪಟ್ಟು, ಅಂದರೆ 1,280 ಎಂಪಿಎ. ಯಾವ ಮೆತ್ತನೆಯ ಉಕ್ಕೂ ಅದನ್ನು ತಾಳದು. ಅದು ಚೊಕ್ಕವಾಗಿ ತುಂಡಾಗುವ ಬದಲು ಜಜ್ಜಿ, ಹರಡಿ, ತೋಡಿನ ಅಂಚುಗಳನ್ನೂ ಕೆಡಿಸಿ ಕೂರುತ್ತದೆ. ಮೆತ್ತನೆಯ ಕೀಯ ನಿಜವಾದ ಸಮಸ್ಯೆ ಇಲ್ಲಿದೆ. ಈ ಅಳತೆಯ ಕೀಯಲ್ಲಿ ಜಜ್ಜುವಿಕೆ ಮೊದಲು ಬರುತ್ತದೆ, ಶಿಯರ್ ಆಮೇಲೆ. ಪೂರ್ತಿ ಉದ್ದದ ಮೈಲ್ಡ್ ಸ್ಟೀಲ್ ಕೀ ಕೂಡ ಸುಮಾರು 950 ನ್ಯೂಟನ್ ಮೀಟರ್‌ಗೇ ಪಕ್ಕದಲ್ಲಿ ಜಜ್ಜತೊಡಗುತ್ತದೆ, ಶಿಯರ್‌ನ ಸರದಿ ಬರಲು ಅದರ ಎರಡು ಪಟ್ಟಿಗೂ ಹೆಚ್ಚು ಬೇಕು. ಲೋಹವನ್ನು ಮೆತ್ತಗೆ ಮಾಡಿದಷ್ಟೂ ಕೀ ಮುರಿಯುವುದಕ್ಕಿಂತ ಮೊದಲು ಸಡಿಲವಾಗುತ್ತದೆ.

ಇನ್ನು ತುಂಡಾದ ಮೇಲಿನ ಪಾಡು. ರೋಟವೇಟರ್‌ನ ಶಿಯರ್ ಬೋಲ್ಟ್ ಹೊರಗಿದೆ. ತುಂಡಾದರೆ ಸ್ಪ್ಯಾನರ್ ಹಿಡಿದು ನಿಮಿಷಗಳಲ್ಲಿ ಬದಲಿಸಬಹುದು. ಕೀ ಹಬ್‌ನೊಳಗೆ ಹೂತಿದೆ. ಅದು ತುಂಡಾದ ಕೂಡಲೇ ಮೋಟರ್ ಹಗುರಾಗಿ ಓಡುತ್ತದೆ, ಪುಲ್ಲಿ ಶಾಫ್ಟ್ ಮೇಲೆ ಉಜ್ಜುತ್ತ ನಿಲ್ಲುತ್ತದೆ. ಯಾರಾದರೂ ಗಮನಿಸುವಷ್ಟರಲ್ಲಿ ಕೀಯ ಎರಡು ಹೋಳುಗಳ ಲೋಹ ಶಾಫ್ಟ್‌ಗೂ ಹಬ್‌ಗೂ ಮೆತ್ತಿಕೊಂಡಿರುತ್ತದೆ. ಪುಲ್ಲರ್ ಹಾಕಿ ಎಳೆದರೆ ಶಾಫ್ಟ್‌ನ ಮೈ ಕೆತ್ತಿಕೊಂಡೇ ಬರುತ್ತದೆ. ಉಳಿಸಬೇಕೆಂದಿದ್ದ ಶಾಫ್ಟೇ ಹೋಯಿತು. ಸುಲಭವಾಗಿ ಎಳೆಯಲಿ ಎಂದು ತಲೆಯಿರುವ ಗಿಬ್ ಕೀ ಹಾಕಿದರೆ ಆ ತಲೆ ಶಾಫ್ಟ್‌ನೊಂದಿಗೆ ತಿರುಗುತ್ತ ಬಟ್ಟೆಯನ್ನೋ ಕೈಯನ್ನೋ ಹಿಡಿಯುವ ಭಯ. ತಿರುಗುವ ಶಾಫ್ಟ್ ಮೇಲಿನ ಪ್ರತಿ ಸೆಟ್ ಸ್ಕ್ರೂ, ಬೋಲ್ಟ್, ಕೀ ಹೊರಚಾಚದಂತೆ ಹೂತಿರಬೇಕು ಅಥವಾ ಮುಚ್ಚಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 26ನೇ ಕಲಂ ಕೀಯ ಹೆಸರು ಹಿಡಿದೇ ಹೇಳಿತ್ತು.

ಗಟ್ಟಿ ಪಕ್ಷದ ಕೊನೆಯ ವಾದ ಕ್ರಷರ್‌ನೊಳಗಿಂದಲೇ ಬರುತ್ತದೆ. ದವಡೆ ಕ್ರಷರ್‌ನಲ್ಲಿ ಮುರಿಯಲೆಂದೇ ಮಾಡಿದ ಭಾಗ ಈಗಾಗಲೇ ಇದೆ, ಅದೇ ಟಾಗಲ್ ಪ್ಲೇಟ್. ಒಡೆಯದ ಕಬ್ಬಿಣದ ತುಂಡು ದವಡೆಗೆ ಬಿದ್ದರೆ ಎರಕದ ಆ ಪ್ಲೇಟ್ ಮೊದಲು ಮುರಿದು ದೇಹವನ್ನೂ ಎಕ್ಸೆಂಟ್ರಿಕ್ ಶಾಫ್ಟನ್ನೂ ಕಾಯುತ್ತದೆ. ಆಮೇಲೆ ಬೆಲ್ಟ್ ಜಾರುತ್ತದೆ. ಆಮೇಲೆ ಓವರ್‌ಲೋಡ್ ರಿಲೇ ಮೋಟರನ್ನು ನಿಲ್ಲಿಸುತ್ತದೆ. ಅತಿಭಾರ ಹುಟ್ಟುವ ಜಾಗದ ಹತ್ತಿರ ಒಂದು ಕಾವಲು, ದಾರಿಯಲ್ಲಿ ಒಂದು, ಮೂಲದಲ್ಲಿ ಒಂದು. ಇವಿಷ್ಟೂ ಇದ್ದ ಮೇಲೆ ನಾಲ್ಕನೆಯದಾಗಿ ಕೀಯನ್ನು ಯಾಕೆ ಬಲಿ ಕೊಡಬೇಕು?

ಎರಡೂ ಪಕ್ಷ ಬಿಟ್ಟದ್ದು

ಇಷ್ಟು ಕೇಳಿದರೆ ಗಟ್ಟಿ ಪಕ್ಷ ಗೆದ್ದಂತೆ ಕಾಣುತ್ತದೆ. ಆದರೆ ಅದು ಒಂದು ಪ್ರಶ್ನೆಗೆ ಉತ್ತರಿಸಿಲ್ಲ: ಮೂವತ್ತು ಪಟ್ಟು ಬಲವಿರುವ ಕೀ, ಬೆಲ್ಟ್ ಜಾರಬಲ್ಲ ಯಂತ್ರದಲ್ಲಿ, ಮತ್ತೆ ಮತ್ತೆ ತುಂಡಾಗುವುದಾದರೂ ಹೇಗೆ?

ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿತ್ತು. ಕೀಯ ಪಕ್ಕದ ಮುಖ 60 ಮಿ.ಮೀ. ಉದ್ದಕ್ಕೂ 3 ಮಿ.ಮೀ. ಎತ್ತರಕ್ಕೂ ಹಬ್‌ಗೆ ತಾಗಿದೆ ಎಂದುಕೊಂಡಿದ್ದೆವು. ಕೈಯಲ್ಲಿ ಅರ ಹಾಕಿದ ಕೀಯಲ್ಲಿ, ಸ್ಲಾಟಿಂಗ್ ಯಂತ್ರದಲ್ಲಿ ಸೊಟ್ಟಗೆ ಕೊರೆದ ಹಬ್‌ನಲ್ಲಿ ಹಾಗಿರುವುದಿಲ್ಲ. ಒಂದು ತುದಿಯ 15 ಮಿ.ಮೀ. ಮಾತ್ರ ತಾಗಿದೆ, ಮೂಲೆ ಮುರಿದದ್ದು ಕಳೆದು ಎತ್ತರದಲ್ಲಿ 2 ಮಿ.ಮೀ. ಉಳಿದಿದೆ ಎನ್ನಿ. ತಾಗುವ ವಿಸ್ತೀರ್ಣ 180ರಿಂದ 30 ಚದರ ಮಿ.ಮೀ.ಗೆ ಇಳಿಯಿತು. ಸಾದಾ ಓಟದಲ್ಲೇ ಜಜ್ಜುವ ಒತ್ತಡ 156 ಎಂಪಿಎ, ಮೋಟರ್ ಎರಡೂವರೆ ಪಟ್ಟು ಎಳೆದಾಗ 390. ಇಎನ್ 8 ಕೂಡ ಮಣಿಯುವ ಮಟ್ಟ ಅದು. ಲೋಹ ಚೂರು ಹಿಂದೆ ಸರಿಯುತ್ತದೆ, ಸಂದು ಹುಟ್ಟುತ್ತದೆ.

ಸಂದು ಹುಟ್ಟಿದ ಮೇಲೆ ಕತೆಯೇ ಬದಲಾಗುತ್ತದೆ. ಕ್ರಷರ್ ಖಾಲಿ ಓಡುತ್ತಿರುವಾಗ ಕರೆಂಟ್ ಹೋದರೆ ಭಾರದ ಫ್ಲೈವೀಲ್ ಬೆಲ್ಟ್ ಮೂಲಕ ಮೋಟರನ್ನೇ ಎಳೆಯಬಹುದು. ಕೀ ಆಗ ತೋಡಿನ ಎದುರು ಗೋಡೆಗೆ ಒರಗುತ್ತದೆ. ಮತ್ತೆ ಚಾಲೂ ಮಾಡಿದಾಗ ಈಚೆ ಗೋಡೆಗೆ ಬಂದು ಬಡಿಯುತ್ತದೆ. ಲೆಕ್ಕದಲ್ಲಿದ್ದದ್ದು ನಿಧಾನವಾಗಿ ಏರುವ ಒತ್ತಡ; ಇಲ್ಲಿರುವುದು ಸುತ್ತಿಗೆಯ ಏಟು. ಸಂದು ಇನ್ನಷ್ಟು ಹಿಗ್ಗಿದಾಗ ಕೀ ನೆಟ್ಟಗೆ ನಿಲ್ಲದೆ ತೋಡಿನಲ್ಲಿ ಓರೆಯಾಗಿ ಉರುಳಲು ನೋಡುತ್ತದೆ, ಅದರ ಮೂಲೆಗಳು ಬೆಣೆಯಂತೆ ಹಬ್ಬನ್ನು ಬಿಡಿಸುತ್ತವೆ. ಹಬ್‌ನ ಬೀಡು ಕಬ್ಬಿಣ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು; ತೋಡಿನ ಚೂಪು ಮೂಲೆಯಿಂದ ಹಬ್ ಬಿರುಕು ಬಿಡುವುದು ಹೀಗೆಯೇ. ಕೀ ಕೊನೆಗೆ ತುಂಡಾಗುವ ದಿನ ಕ್ರಷರ್‌ಗೆ ದೊಡ್ಡ ಕಲ್ಲು ಬಿದ್ದಿದ್ದರೆ ಆರೋಪ ಕಲ್ಲಿನ ಮೇಲೆ ಹೋಗುತ್ತದೆ. ಆದರೆ ಸಾವಿರಾರು ಏಟು ತಿಂದು ಸವೆದಿದ್ದ ಕೀಗೆ ಯಾವ ನೆಪ ಸಿಕ್ಕಿದ್ದರೂ ಸಾಕಿತ್ತು.

ತುಂಡಾದ ಕೀಯನ್ನು ಎಸೆಯದೆ ಬೆಳಕಿಗೆ ಹಿಡಿದರೆ ಎರಡು ಬಗೆಯ ಸಾವನ್ನು ಬೇರೆ ಮಾಡಬಹುದು. ಒಂದೇ ಏಟಿಗೆ ತುಂಡಾದ ಕೀಯಲ್ಲಿ ಶಾಫ್ಟ್ ಮೇಲ್ಮೈಯ ಗೆರೆಯಲ್ಲೇ ಹೊಳೆಯುವ ಸಮತಟ್ಟು ಮುಖ ಕಾಣುತ್ತದೆ, ಪಕ್ಕದ ಗೋಡೆಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಸಡಿಲದಿಂದ ಸತ್ತ ಕೀಯ ಪಕ್ಕದಲ್ಲಿ ಮೆಟ್ಟಿಲು ಬಿದ್ದಿರುತ್ತದೆ, ಮೂಲೆಗಳು ಉರುಟಾಗಿರುತ್ತವೆ, ಕೆಂಪು–ಕಂದು ಪುಡಿ ಅಂಟಿರುತ್ತದೆ. ಆ ಪುಡಿ ಉಕ್ಕಿನ ಮೇಲೆ ಉಕ್ಕು ಸೂಕ್ಷ್ಮವಾಗಿ ತಿಕ್ಕಿಕೊಂಡದ್ದರ ಗುರುತು. ಹಬ್‌ನ ಬಾಯಿಯಲ್ಲಿ ಅದೇ ಬಣ್ಣದ ಗೆರೆ ಕಂಡರೆ ಕೀ ಇನ್ನೂ ತುಂಡಾಗದಿದ್ದರೂ ರೋಗ ಶುರುವಾಗಿದೆ ಎಂದರ್ಥ. ಗುರುತು ಒಂದೇ ತುದಿಯಲ್ಲಿದ್ದರೆ ತೋಡು ಸೊಟ್ಟಗಿದೆ. ಕೀಯ ನೆತ್ತಿ ಹೊಳೆಯುತ್ತಿದ್ದರೆ ಅದರ ಎತ್ತರ ಹೆಚ್ಚಾಗಿ ಹಬ್ಬನ್ನು ಮೇಲೆತ್ತಿ ಓರೆ ಕೂರಿಸಿದೆ.

ತುಂಡಾಗುವ ಮೊದಲೇ ತಿಳಿಯುವ ದಾರಿಯೂ ಇದೆ. ಕರೆಂಟ್ ತೆಗೆದು ಬೆಲ್ಟ್‌ಗಳನ್ನು ಕಳಚಿ, ಶಾಫ್ಟನ್ನು ಅಲುಗದಂತೆ ಹಿಡಿದು ಪುಲ್ಲಿಯನ್ನು ಹಿಂದೆ ಮುಂದೆ ಆಡಿಸಿ ನೋಡಬೇಕು. ಐಎಸ್ 2048ರ ಸಾಮಾನ್ಯ ಫಿಟ್‌ನಲ್ಲಿ 12 ಮಿ.ಮೀ. ಕೀ ಹೆಚ್ಚೆಂದರೆ 0.043 ಮಿ.ಮೀ. ಕಡಿಮೆ ಇರಬಹುದು, ಅತಿ ಕೆಟ್ಟ ಜೋಡಣೆಯಲ್ಲೂ ಶಾಫ್ಟ್ ಮತ್ತು ಹಬ್ ಎರಡೂ ಕಡೆಯ ಸಂದು ಸೇರಿ 0.11 ಮಿ.ಮೀ. ಮೀರದು. ಅದು 200 ಮಿ.ಮೀ. ವ್ಯಾಸದ ಪುಲ್ಲಿಯ ಅಂಚಿನಲ್ಲಿ ಸುಮಾರು ಅರ್ಧ ಮಿ.ಮೀ. ಚಲನೆಯಾಗಿ ಕಾಣುತ್ತದೆ. ಹಬ್ ಬಿಗಿಯಾಗಿ ಕೂತಿದ್ದರೆ ಅಷ್ಟೂ ಕಾಣಬಾರದು. ಅದಕ್ಕಿಂತ ಹೆಚ್ಚು ಆಡಿದರೆ ಕೀ ಯಾವ ಉಕ್ಕಿನದು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ತೂಗಿದ ಮೇಲೆ

ಹಾಗಾದರೆ ಮೆತ್ತನೆಯ ಪಕ್ಷ ಪೂರ್ತಿ ಸೋತಿತೇ? ಇಲ್ಲ. ಅದರ ವಾದದಿಂದ ಫ್ಯೂಸನ್ನು ಕಳೆದರೂ ಒಂದು ಸತ್ಯ ಉಳಿಯುತ್ತದೆ: ಎರಡು ಮುಖ ತಿಕ್ಕಿಕೊಂಡಾಗ ಮೆತ್ತನೆಯದು ಸವೆಯುತ್ತದೆ. ಗಟ್ಟಿ ಪಕ್ಷದವರು ಹಟಕ್ಕೆ ಬಿದ್ದು ಇಎನ್ 24 ತಂದು ಹದಕೊಟ್ಟು ಕೀ ಮಾಡಿದರೆ, ಚೂರು ಸಡಿಲವಾದ ದಿನ ಸವೆಯುವುದು ಮೋಟರ್ ಶಾಫ್ಟ್‌ನ ತೋಡು. ಕೀ ಹೊಸದರಂತೆ ಹೊರಬರುತ್ತದೆ, ಶಾಫ್ಟ್ ಬದಲಿಸಬೇಕಾಗುತ್ತದೆ. ಅದಕ್ಕೇ ಕೀ ಶಾಫ್ಟ್‌ಗೆ ಸಮ ಅಥವಾ ಅದಕ್ಕಿಂತ ತುಸು ಮೆತ್ತಗಿರಬೇಕೆಂಬ ಹಳೆಯ ಫಿಟ್ಟರ್‌ಗಳ ಮಾತು ಸರಿ. ಅವರು ಕೊಡುವ ಕಾರಣವಷ್ಟೇ ತಪ್ಪು: ಕೀ ಶಾಫ್ಟನ್ನು ಕಾಯುವುದು ತುಂಡಾಗಿ ಅಲ್ಲ, ತಾನು ಸವೆದು.

ಗಟ್ಟಿ ಪಕ್ಷಕ್ಕೂ ಒಂದು ಎಲ್ಲೆಯಿದೆ. ಅವರ ನಾಲ್ಕನೇ ಕಾವಲು ಬೇಡವೆಂಬ ಮಾತು ನಿಂತಿರುವುದು ನಡುವೆ ಬೆಲ್ಟ್ ಇದೆ ಎಂಬುದರ ಮೇಲೆ. ಬೆಲ್ಟ್ ತೆಗೆದು ಚೈನೋ ಗೇರೋ ಗಟ್ಟಿ ಕಪ್ಲಿಂಗೋ ಹಾಕಿದ ಯಂತ್ರದಲ್ಲಿ, ತಿರುಗುವ ಶಾಫ್ಟ್ ಒಮ್ಮೆಗೇ ನಿಂತರೆ ರೋಟರ್ ತನ್ನೊಳಗಿನ ಚಲನೆಯನ್ನೆಲ್ಲ ಶಾಫ್ಟ್ ಮತ್ತು ಕೀ ಮೇಲೆ ಸುರಿಯುತ್ತದೆ. ಆ ಕ್ಷಣದ ಟಾರ್ಕ್ ಮೋಟರಿನ ವಿದ್ಯುತ್ ಮಿತಿಗೆ ಒಳಪಡುವುದಿಲ್ಲ, ಮೂವತ್ತು ಪಟ್ಟನ್ನೂ ದಾಟಬಹುದು. ಅಲ್ಲಿ ಮುರಿಯುವ ಭಾಗವೊಂದು ಬೇಕೇ ಬೇಕು. ಆದರೆ ಅದು ಕಪ್ಲಿಂಗ್‌ನ ಹೊರಮೈಯಲ್ಲಿ, ಕೈಗೆ ಸಿಗುವಂತೆ, ಗೊತ್ತಿರುವ ವ್ಯಾಸಕ್ಕೆ ಕಂಠ ಕಡೆದ ಶಿಯರ್ ಪಿನ್ನಾಗಿರಬೇಕು, ಅಥವಾ ಜಾರುವ ಟಾರ್ಕ್ ಲಿಮಿಟರ್ ಆಗಿರಬೇಕು. ಗುಂಡು ಪಿನ್‌ನಲ್ಲಿ ಅಡ್ಡಕೊಯ್ತದ ವಿಸ್ತೀರ್ಣವನ್ನು ಬೇಕಾದಷ್ಟಕ್ಕೆ ಇಳಿಸಬಹುದು, ರಂಧ್ರದಲ್ಲಿ ತಾಗುವ ಉದ್ದವನ್ನು ಬೇಕಾದಷ್ಟಕ್ಕೆ ಹೆಚ್ಚಿಸಬಹುದು. ಜಜ್ಜುವಿಕೆಗಿಂತ ಶಿಯರ್ ಮೊದಲು ಬರುವಂತೆ ಮಾಡುವುದು ಹೀಗೆ. ಮಾನಕದ ಕೀಯಲ್ಲಿ ಆ ಸ್ವಾತಂತ್ರ್ಯವಿಲ್ಲ.

ಬೆಲ್ಟ್ ಕ್ರಷರ್‌ಗೆ ಬಂದರೆ ತೀರ್ಪು ಇಷ್ಟು. ಕೀ ಇಎನ್ 8 ದರ್ಜೆಯ ಕೀ ಬಾರ್‌ನಿಂದ, ಮಾನಕದ ಅಗಲಕ್ಕೆ, ಹಬ್‌ನ ಪೂರ್ತಿ ಉದ್ದಕ್ಕೆ ಇರಲಿ. ಹೊಡೆತದ ಕೆಲಸವಾದ್ದರಿಂದ ಸಾಮಾನ್ಯ ಫಿಟ್‌ಗಿಂತ ಬಿಗಿಯಾದ ಪಿ9 ತೋಡನ್ನು ಶಾಫ್ಟ್ ಮತ್ತು ಹಬ್ ಎರಡರಲ್ಲೂ ಕೇಳಬಹುದು. ಕೂರಿಸುವ ಮೊದಲು ಪ್ರಷ್ಯನ್ ಬ್ಲೂ ಹಚ್ಚಿ ಎರಡೂ ಪಕ್ಕ ಉದ್ದಕ್ಕೂ ತಾಗುತ್ತಿದೆಯೇ ನೋಡಬೇಕು, ನೆತ್ತಿಯಲ್ಲಿ ಸಂದು ಉಳಿದಿದೆಯೇ ನೋಡಬೇಕು, ಕೀ ಮೇಲಿನ ಗ್ರಬ್ ಸ್ಕ್ರೂ ಬಿಗಿಯಬೇಕು. ಪುಲ್ಲಿ ಬದಲಿಸುವ ಸಂದರ್ಭ ಬಂದರೆ ಟೇಪರ್ ಬುಷ್ ಪುಲ್ಲಿ ಹಾಕಬಹುದು. ಅದರ ಬುಷ್ ಶಾಫ್ಟನ್ನು ಸುತ್ತ ಹಿಡಿದು ಟಾರ್ಕ್‌ನ ದೊಡ್ಡ ಪಾಲನ್ನು ಹಿಡಿತದಿಂದಲೇ ದಾಟಿಸುತ್ತದೆ, ಕೀಗೆ ಏಟು ಬೀಳುವುದು ಕಡಿಮೆ. ಅದು ದುಬಾರಿ, ದೂಳಿನಲ್ಲಿ ಬೋಲ್ಟ್ ಬಿಗಿತವನ್ನು ಆಗಾಗ ನೋಡಬೇಕು. ಅಗ್ಗದ ಎರಕದ ಪುಲ್ಲಿಗೆ ಜನ ಅಂಟಿಕೊಳ್ಳಲು ಅದೂ ಕಾರಣ.

ಹಾಗೆ ಕೂರಿಸಿದ ಕೀಯೂ ಮತ್ತೆ ತುಂಡಾದರೆ, ಇನ್ನೂ ಗಟ್ಟಿ ಉಕ್ಕು ಹುಡುಕುವ ಮೊದಲು ತುಂಡಾದ ಮುಖ ನೋಡಬೇಕು. ಮೆಟ್ಟಿಲು, ಕೆಂಪು ಪುಡಿ ಇದ್ದರೆ ತಪ್ಪು ಜೋಡಣೆಯಲ್ಲಿದೆ. ಹೊಳೆಯುವ ಸಮತಟ್ಟು ಮುಖವಿದ್ದರೆ ಟಾಗಲ್ ಪ್ಲೇಟ್‌ನ ಜಾಗದಲ್ಲಿ ಯಾರೋ ದಪ್ಪ ಉಕ್ಕಿನ ತಗಡು ಹಾಕಿದ್ದಾರೆಯೇ, ಬೆಲ್ಟ್ ಮಿತಿಮೀರಿ ಬಿಗಿದಿದೆಯೇ, ರಿಲೇಯ ಸೆಟ್ಟಿಂಗನ್ನು ಏರಿಸಿದ್ದಾರೆಯೇ ಎಂದು ಹುಡುಕಬೇಕು. ಈ ಮೂರು ಕಾವಲುಗಳನ್ನು ಕೆಡಿಸಿದ ಯಂತ್ರದಲ್ಲಿ ಕೀ ಮೆತ್ತಗಿದ್ದರೂ ಗಟ್ಟಿಯಿದ್ದರೂ ಶಾಫ್ಟ್ ಉಳಿಯುವುದಿಲ್ಲ.